ಒಂದೇ ಸಲ ಹೇಳಿದ್ದು ನೆನಪಿಟ್ಟರೆ ಇಷ್ಟ ಅಂತಾನಾ?

"ಆಫೀಸಲ್ಲಿ ಒಬ್ಬರು ನಾನು ಒಂದೇ ಸಲ ಹೇಳಿದ್ದನ್ನೂ ನೆನಪಿಟ್ಟಿರ್ತಾರೆ. ಕಾಫಿಗೆ ಸಕ್ಕರೆ ಬೇಡ ಅನ್ನೋದು, ಅಮ್ಮನ ಕಣ್ಣಿನ ಆಪರೇಷನ್ ಯಾವತ್ತು ಅನ್ನೋದು. ಇದು ಇಷ್ಟನಾ, ಬರೀ ಒಳ್ಳೆತನನಾ?"

ಕಾಫಿ ವಿಷಯ ಬಿಟ್ಟುಬಿಡಿ. ದಿನಾ ಜೊತೆಗೆ ಕ್ಯಾಂಟೀನಿಗೆ ಹೋಗುವವರಿಗೆ ಅದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಅವರು ಬೇರೆಯವರ ಜೊತೆ ಹೇಗಿರುತ್ತಾರೆ ನೋಡಿ. ಸೆಕ್ಯುರಿಟಿಯವರ ಮಗಳ ಪಿಯುಸಿ ರಿಸಲ್ಟನ್ನೂ ವಿಚಾರಿಸುವವರಾದರೆ ಅದು ಅವರ ಸ್ವಭಾವ. ಬಡಿಸುವಾಗ "ನಿಮಗೆ ಬದನೆಕಾಯಿ ಆಗಲ್ಲ ಅಲ್ವಾ" ಅನ್ನುವವರು ಪ್ರತಿ ನೆಂಟರ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಇಡೀ ಪಂಕ್ತಿಯ ಮೇಲೆ ಪ್ರೀತಿ ಇರುವುದಿಲ್ಲವಲ್ಲ!

ಆಪರೇಷನ್ ವಿಷಯ ಸ್ವಲ್ಪ ಬೇರೆ. ಇಲ್ಲಿ ನೆನಪಿಗಿಂತ, ಕೇಳಿದ ಮೇಲೆ ಏನು ಮಾಡಿದರು ಅನ್ನುವುದು ಮುಖ್ಯ. ಸೋಮವಾರ ಎಲ್ಲರ ಎದುರಿಗೇ "ಅಮ್ಮ ಹೇಗಿದ್ದಾರೆ?" ಅಂತ ಕೇಳಿ, ನಿಮ್ಮ ಉತ್ತರ ಕೇಳಿಸಿಕೊಂಡು ಕೆಲಸಕ್ಕೆ ಕೂತರೆ ಅದು ಸೌಜನ್ಯ. ಭಾನುವಾರವೇ ಮೆಸೇಜ್ ಮಾಡಿ, ಮಾತು ಅಮ್ಮನಿಂದ ನಿಮ್ಮ ಕಡೆ ತಿರುಗಿ, ತಮ್ಮ ಮನೆ ವಿಷಯವನ್ನೂ ಹೇಳಿಕೊಂಡು, ಇಬ್ಬರೇ ಸಿಗೋಕೆ ನೆಪ ಹುಡುಕಿದರೆ ಇಷ್ಟ ಇರಬಹುದು. ಒಂದು ಸಲ ಅಲ್ಲ, ಮತ್ತೆ ಮತ್ತೆ ಹಾಗಾಗಬೇಕು.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮಗೇ ಅವರು ಇಷ್ಟವಾಗಿದ್ದರೆ ಅವರು ನೆನಪಿಟ್ಟದ್ದು ಮಾತ್ರ ಕಣ್ಣಿಗೆ ಬೀಳುತ್ತದೆ, ಮರೆತದ್ದು ಲೆಕ್ಕಕ್ಕೇ ಬರುವುದಿಲ್ಲ. ಸುಮ್ನೆ ಸುಳಿವು ಹುಡುಕುವ ಬದಲು "ಶನಿವಾರ ದೋಸೆ ತಿನ್ನೋಕೆ ಬರ್ತೀರಾ?" ಅಂತ ನೀವೇ ಕೇಳಿ. "ಟೀಮಿನವರನ್ನೂ ಕರೆಯೋಣ" ಅಂದರೆ ಬಹುಶಃ ಅದೇ ಉತ್ತರ.