ಹೊಲ ಮಾರಿದ ದುಡ್ಡಿಗೆ ಒಂದು ವಾರದ ಗಡುವು

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಮಾಗಡಿ ತಾಲ್ಲೂಕಿನಲ್ಲಿ ಅಜ್ಜನ ಕಾಲದಿಂದ ಬಂದ ರಾಗಿ ಹೊಲವನ್ನು ಈ ಮನೆಯವರು 1 ಕೋಟಿ 60 ಲಕ್ಷಕ್ಕೆ ಮಾರಿದ್ದರು. ಆ ದುಡ್ಡಿನ ಬಗ್ಗೆ ಸಲಹೆ ಕೇಳಲು ನನ್ನ ಮುಂದೆ ಕೂತವರು ನಾಲ್ವರು: 68 ವರ್ಷದ ತಾಯಿ ಜಯಮ್ಮ, ಕಾಮಾಕ್ಷಿಪಾಳ್ಯದಲ್ಲಿ ಲೇತ್ ಮೆಷಿನ್ ಇಟ್ಟುಕೊಂಡ ಹಿರಿಯ ಮಗ, ಖಾಸಗಿ ಕೆಲಸದಲ್ಲಿರುವ ಕಿರಿಯ ಮಗ, ಮದುವೆಯಾಗಿ ಕೆಂಗೇರಿಯಲ್ಲಿರುವ ಮಗಳು. ಯಜಮಾನರು ತೀರಿಕೊಂಡು ವರ್ಷಗಳಾಗಿದ್ದವು. ದುಡ್ಡೆಲ್ಲ ಹಿರಿಯವನ ಉಳಿತಾಯ ಖಾತೆಯಲ್ಲಿತ್ತು.

ಹಿರಿಯವನಿಗೆ ಉಸಿರಾಡಲೂ ಪುರುಸೊತ್ತಿಲ್ಲ. "ಮೇಡಂ, ಈ ವಾರದೊಳಗೆ ಫ್ಲ್ಯಾಟ್ ಬುಕ್ ಮಾಡ್ಲಿಲ್ಲ ಅಂದ್ರೆ ಇಪ್ಪತ್ತು ಲಕ್ಷ ಟ್ಯಾಕ್ಸಿಗೇ ಹೋಗುತ್ತಂತೆ." ಹೇಳಿದವರು ಯಾರು ಎಂದು ಕೇಳಿದೆ. ಫ್ಲ್ಯಾಟ್ ಮಾರುತ್ತಿದ್ದ ಬ್ರೋಕರೇ! ತಂಗಿ ತಲೆ ತಗ್ಗಿಸಿಯೇ ಕೂತಿದ್ದಳು. ಅವಳಿಗೆ "ಅರಿಶಿನ ಕುಂಕುಮಕ್ಕೆ" ಐದು ಲಕ್ಷ ಕೊಡುವುದೆಂದು ಅಣ್ಣಂದಿರು ತೀರ್ಮಾನಿಸಿ ಆಗಿತ್ತು.

ಎಲ್ಲಿ ಹಾಕಬೇಕು ಎನ್ನುವ ಮಾತನ್ನು ಬದಿಗಿಟ್ಟು, ಮೊದಲು ಟ್ಯಾಕ್ಸಿನ ಭಯ ನಿಜವೇ ನೋಡೋಣ ಎಂದೆ. ಕೃಷಿ ಜಮೀನು ಮಾರಿದಾಗಲೆಲ್ಲ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ ಎಂದೇನಿಲ್ಲ. ಜಮೀನು ಪಟ್ಟಣದಿಂದ ಎಷ್ಟು ದೂರ ಎಂಬುದೇ ಮುಖ್ಯ. ಪಟ್ಟಣದ ಜನಸಂಖ್ಯೆ 10 ಸಾವಿರದಿಂದ 1 ಲಕ್ಷವಿದ್ದರೆ ಅದರ ಗಡಿಯಿಂದ 2 ಕಿ.ಮೀ., 10 ಲಕ್ಷದವರೆಗೆ 6 ಕಿ.ಮೀ., ಅದಕ್ಕೂ ಮೇಲಿದ್ದರೆ 8 ಕಿ.ಮೀ. ದಾಟಿರಬೇಕು. ಅಳೆಯುವುದು ರಸ್ತೆಯ ದೂರವನ್ನಲ್ಲ, ಹಕ್ಕಿ ಹಾರುವ ನೇರ ದೂರವನ್ನು. ಅದೂ ಊರಿನ ನಡುವಿನಿಂದಲ್ಲ, ನಗರಾಡಳಿತದ ಗಡಿಯಿಂದ. ಬೆಂಗಳೂರಿನ ಗಡಿಯಿಂದ ಇವರ ಹೊಲ 8 ಕಿ.ಮೀ.ಗಿಂತ ಎಷ್ಟೋ ಆಚೆ ಇತ್ತು. ಅನುಮಾನ ಇದ್ದದ್ದು ಹತ್ತಿರದ ಮಾಗಡಿ ಪುರಸಭೆಯದು. ಅಲ್ಲಿಗೆ ಮಿತಿ 2 ಕಿ.ಮೀ., ಹೊಲ ಇದ್ದದ್ದು ಸುಮಾರು ನಾಲ್ಕರಲ್ಲಿ. ಹಾಗಾಗಿ ತೆರಿಗೆಯೇ ಇಲ್ಲ, ಫ್ಲ್ಯಾಟ್ ಕೊಂಡರೂ ಅಷ್ಟೆ, ಕೊಳ್ಳದಿದ್ದರೂ ಅಷ್ಟೆ.

ಬಾಯಿಮಾತಿಗೆ ಬಿಡಬೇಡಿ ಎಂದು ಹೇಳಿ ತಾಲ್ಲೂಕು ಕಚೇರಿಯಿಂದ ದೂರದ ದೃಢೀಕರಣ ಪತ್ರ, ರಾಗಿ ಬೆಳೆ ನಮೂದಾಗಿರುವ ಪಹಣಿ, ಕ್ರಯಪತ್ರದ ನಕಲು ಮೂರನ್ನೂ ಒಂದೇ ಫೈಲಿನಲ್ಲಿಟ್ಟು ಆಡಿಟರಿಗೆ ತೋರಿಸಲು ಕಳಿಸಿದೆ. ಖಾತೆಗೆ ಇಷ್ಟು ದೊಡ್ಡ ಮೊತ್ತ ಬಂದಾಗ ಮುಂದೆ ಇಲಾಖೆ ಕೇಳಿಯೇ ಕೇಳೀತು.

ಒಂದು ವೇಳೆ ಹೊಲ ಮಿತಿಯೊಳಗೇ ಇದ್ದಿದ್ದರೂ ಒಂದು ವಾರದ ಗಡುವು ಸುಳ್ಳು. ಬೇರೆ ಕೃಷಿ ಜಮೀನನ್ನೋ ಮನೆಯನ್ನೋ ಕೊಂಡು ವಿನಾಯಿತಿ ಪಡೆಯಲು 2 ವರ್ಷ ಸಮಯವಿದೆ. ರಿಟರ್ನ್ ಸಲ್ಲಿಸುವ ದಿನ ಬಂದರೂ ಮನಸ್ಸು ಗಟ್ಟಿಯಾಗದಿದ್ದರೆ ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಹಣ ಇಡಬಹುದು.

ಭಯ ಇಳಿದ ಮೇಲೆ ಹಿರಿಯವನ ದನಿಯೂ ಇಳಿಯಿತು. ಆಗ ತಂಗಿಯ ವಿಷಯ ಎತ್ತಿದೆ. "ಅವಳ ಮದುವೆಗೆ ಸಾಲ ಮಾಡಿ ಖರ್ಚು ಮಾಡಿದೀವಿ ಮೇಡಂ" ಎಂದ ಕಿರಿಯವ. ಅದು ಸುಳ್ಳಲ್ಲ, ಆದರೆ ಮದುವೆಯ ಖರ್ಚು ಆಸ್ತಿಯ ಪಾಲಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. "ಕೊಳ್ಳುವವರು ಅವಳ ಸಹಿ ಇಲ್ಲದೆ ರಿಜಿಸ್ಟರ್ ಮಾಡಿಸಿಕೊಂಡ್ರಾ?" ಎಂದು ಕೇಳಿದೆ. ಇಬ್ಬರೂ ಸುಮ್ಮನಾದರು. ಕ್ರಯಪತ್ರದಲ್ಲಿ ಅವಳ ಹೆಬ್ಬೆಟ್ಟೂ ಸಹಿಯೂ ಇತ್ತು. ವಕೀಲರೊಬ್ಬರ ಬಳಿ ಲೆಕ್ಕ ಹಾಕಿಸಿಕೊಂಡು ಬಂದ ನಂತರ ನಾಲ್ವರೂ ತಲಾ 40 ಲಕ್ಷಕ್ಕೆ ಒಪ್ಪಿದರು. ಒಪ್ಪಿಗೆಯನ್ನು ಬರೆದು ಸಹಿ ಹಾಕಿಸಿ, ಹಣವನ್ನು ಅವರವರ ಖಾತೆಗೇ ವರ್ಗಾಯಿಸಿ ಎಂದೆ.

ಹೆಚ್ಚು ಹೊತ್ತು ಮಾತಾಡಿದ್ದು ಜಯಮ್ಮನವರ ಪಾಲಿನ ಬಗ್ಗೆ. ಅವರಿಗೆ ಬೇಕಾದದ್ದು ತಿಂಗಳ ಖರ್ಚಿಗೆ ಮಕ್ಕಳ ಮುಂದೆ ಕೈಯೊಡ್ಡದಿರುವುದು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಗರಿಷ್ಠ ಮೊತ್ತ 30 ಲಕ್ಷ. ಅವರು ಇಟ್ಟಾಗ ಬಡ್ಡಿ ಶೇ. 8.2 ಇತ್ತು, ಎಂದರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಇಟ್ಟ ದಿನದ ದರವೇ ಐದು ವರ್ಷ ಇರುತ್ತದೆ. ಮಧ್ಯೆ ತೆಗೆದರೆ ದಂಡ ಕಡಿಯುತ್ತಾರೆ. ಅದಕ್ಕಾಗಿಯೇ ಉಳಿದ 10 ಲಕ್ಷವನ್ನು ಆಸ್ಪತ್ರೆಯ ಖರ್ಚಿಗೆಂದು ಠೇವಣಿಯಲ್ಲಿಡಲು ಹೇಳಿದೆ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು ಬಡ್ಡಿ ಸೇರಿ 5 ಲಕ್ಷಕ್ಕೆ ಮಾತ್ರ. ಆದ್ದರಿಂದ ಎರಡು ಬ್ಯಾಂಕಿನಲ್ಲಿ ನಾಲ್ಕೂವರೆ ಲಕ್ಷದಂತೆ, ಮಿಕ್ಕ ಒಂದು ಲಕ್ಷ ಅವರದೇ ಉಳಿತಾಯ ಖಾತೆಯಲ್ಲಿ.

ಮಗಳು ತನ್ನ ಪಾಲಿನಲ್ಲಿ ಮನೆ ಸಾಲ ತೀರಿಸಿದಳು. ಕಿರಿಯವ ಇನ್ನೂ ಠೇವಣಿಯಲ್ಲೇ ಇಟ್ಟಿದ್ದಾನೆ. ಹಿರಿಯವ ಫ್ಲ್ಯಾಟ್ ಬಿಟ್ಟು ಇನ್ನೊಂದು ಲೇತ್ ಕೊಂಡಿದ್ದಾನೆ, ಅದು ಅವನಿಗೆ ಗೊತ್ತಿರುವ ಕಸುಬು.

ಜಯಮ್ಮ ನಾಮಿನಿ ಜಾಗದಲ್ಲಿ ಹಿರಿಯ ಮಗನ ಹೆಸರು ಬರೆಸಿದ್ದಾರೆ. ನಾಮಿನಿ ಆದವನು ಹಣ ಪಡೆದು ವಾರಸುದಾರರಿಗೆ ಹಂಚಬೇಕಾದವನು, ಮಾಲೀಕನಲ್ಲ. ಇಲ್ಲೇ ಮತ್ತೆ ಜಗಳ ಹುಟ್ಟುವುದು. ಯಾರಿಗೆ ಎಷ್ಟು ಎಂದು ಇಬ್ಬರು ಸಾಕ್ಷಿಗಳ ಮುಂದೆ ಉಯಿಲು ಬರೆಸಿಡಿ ಎಂದಿದ್ದೇನೆ. "ಆಷಾಢ ಕಳೀಲಿ" ಎಂದಿದ್ದಾರೆ.