ಹಳೆ ಮಾತ್ರೆಗೂ ಹೊಸ ಮಾತ್ರೆಗೂ ನಡುವೆ 36 ಗಂಟೆ

"ಅಪ್ಪನಿಗೆ ಹಾರ್ಟ್ ವೀಕ್ ಆಗಿದೆ. ರಾಮಿಪ್ರಿಲ್ ನಿಲ್ಲಿಸಿ ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್ ಬರೆದಿದ್ದಾರೆ. ಮಧ್ಯೆ ಒಂದೂವರೆ ದಿನ ಎರಡೂ ಕೊಡಬೇಡಿ ಅಂದರು. ಮಾತ್ರೆ ಬಿಟ್ಟರೆ ತೊಂದರೆ ಆಗಲ್ವಾ?"

ದಯವಿಟ್ಟು ಆ ಒಂದೂವರೆ ದಿನ ಪೂರ್ತಿ ಕಾಯಿರಿ. ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿದ್ದೇನೆ. ಈ ಮಾತ್ರೆ ಕೊಡುವಾಗ ನಾನು ಮೊದಲು ಕೇಳುವುದೇ ಇದನ್ನು: ಮನೆಯಲ್ಲಿ ರಾಮಿಪ್ರಿಲ್ ಸ್ಟ್ರಿಪ್ ಉಳಿದಿದೆಯಾ?

ಹೃದಯ ಸೋತಾಗ ಕಿಡ್ನಿಗೆ ರಕ್ತ ಸಾಕಷ್ಟು ಬರುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದುಕೊಂಡು ಅದು ರೆನಿನ್ ಬಿಡುತ್ತದೆ. ಅದರಿಂದ ಕೊನೆಗೆ ಆಂಜಿಯೊಟೆನ್ಸಿನ್-2 ತಯಾರಾಗುತ್ತದೆ. ಇದು ರಕ್ತನಾಳ ಬಿಗಿ ಮಾಡುತ್ತದೆ, ಉಪ್ಪುನೀರು ಹಿಡಿದಿಡುತ್ತದೆ. ಮೊದಲೇ ಸೋತ ಹೃದಯಕ್ಕೆ ಇನ್ನಷ್ಟು ಹೊರೆ. ರಾಮಿಪ್ರಿಲ್ ಎಸಿಇ ಎಂಬ ಕಿಣ್ವವನ್ನು ತಡೆದು ಇದು ತಯಾರಾಗುವುದನ್ನು ಕಡಿಮೆ ಮಾಡುತ್ತದೆ. ಆದರೆ ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವುದೂ ಅದೇ ಕಿಣ್ವ. ಹಾಗಾಗಿ ಬ್ರಾಡಿಕೈನಿನ್ ಜಾಸ್ತಿಯಾಗುತ್ತದೆ. ಕೆಲವರಿಗೆ ಒಣಕೆಮ್ಮು ಬರುವುದು ಇದರಿಂದಲೇ.

ಸ್ಯಾಕುಬಿಟ್ರಿಲ್ ದಾರಿ ಬೇರೆ. ಹಿಗ್ಗಿದ ಹೃದಯ ತಾನೇ ಕೆಲವು ಪೆಪ್ಟೈಡ್‌ಗಳನ್ನು ಬಿಡುತ್ತದೆ. ಅವು ಉಪ್ಪುನೀರನ್ನು ಮೂತ್ರದಲ್ಲಿ ಹೊರಹಾಕಿ ನಾಳಗಳನ್ನು ಸಡಿಲಿಸುತ್ತವೆ. ನೆಪ್ರಿಲೈಸಿನ್ ಎಂಬ ಕಿಣ್ವ ಅವನ್ನು ಒಡೆದುಹಾಕುತ್ತದೆ. ಸ್ಯಾಕುಬಿಟ್ರಿಲ್ ಅದನ್ನು ತಡೆಯುತ್ತದೆ. ನೆಪ್ರಿಲೈಸಿನ್ ಆಂಜಿಯೊಟೆನ್ಸಿನ್-2 ಅನ್ನೂ ಒಡೆಯುವುದರಿಂದ, ಈ ಕಿಣ್ವವನ್ನು ತಡೆದರೆ ಆಂಜಿಯೊಟೆನ್ಸಿನ್-2 ಹೆಚ್ಚಾಗಬಹುದು. ಅದರ ಕೆಲಸ ತಡೆಯಲು ಜೊತೆಗೆ ವಾಲ್ಸಾರ್ಟಾನ್ ಇಟ್ಟಿದ್ದಾರೆ.

ಈಗ ನಿಮ್ಮ ಪ್ರಶ್ನೆಯ ಜಾಗಕ್ಕೆ ಬಂದೆವು. ಬ್ರಾಡಿಕೈನಿನ್ ಅನ್ನು ನೆಪ್ರಿಲೈಸಿನ್ ಕೂಡ ಒಡೆಯುತ್ತದೆ. ಬಚ್ಚಲಿಗೆ ಎರಡು ತೂತು ಇದ್ದು, ಎರಡನ್ನೂ ಒಟ್ಟಿಗೆ ಮುಚ್ಚಿದರೆ ಏನಾಗುತ್ತದೆ? ಹಾಗೆಯೇ ಬ್ರಾಡಿಕೈನಿನ್ ಮೈಯಲ್ಲಿ ತುಂಬಿಕೊಂಡು ತುಟಿ, ನಾಲಿಗೆ, ಗಂಟಲು ಊದಿ ಉಸಿರೇ ಕಟ್ಟಬಹುದು. ಹಿಂದೆ ಒಮಪ್ಯಾಟ್ರಿಲ್ಯಾಟ್ ಎಂಬ ಒಂದೇ ಔಷಧಿ ಈ ಎರಡೂ ಕಿಣ್ವಗಳನ್ನು ತಡೆಯುತ್ತಿತ್ತು. ಈ ಊತದಿಂದಲೇ ಅದು ಮಾರುಕಟ್ಟೆಗೆ ಬರಲಿಲ್ಲ.

ಲೆಕ್ಕ ಹೀಗೆ. ಕೊನೆಯ ರಾಮಿಪ್ರಿಲ್ ಸೋಮವಾರ ಬೆಳಗ್ಗೆ 8ಕ್ಕೆ ಕೊಟ್ಟಿದ್ದರೆ, ಹೊಸದು ಮಂಗಳವಾರ ರಾತ್ರಿ 8ಕ್ಕಿಂತ ಮುಂಚೆ ಬೇಡ. ಈ ಮಧ್ಯೆ ಅಪ್ಪ ಔಷಧಿಯೇ ಇಲ್ಲದೆ ಇರುವುದಿಲ್ಲ. ರಾಮಿಪ್ರಿಲ್ ಮೈಯಿಂದ ನಿಧಾನವಾಗಿ ಹೋಗುತ್ತದೆ, ಅದಕ್ಕೇ ಈ ಕಾಯುವಿಕೆ. ನೀರಿನ ಮಾತ್ರೆ, ಮೆಟೊಪ್ರೊಲಾಲ್ ಕೊಡುತ್ತಿದ್ದರೆ ಡಾಕ್ಟರ್ ಹೇಳದೆ ಅವನ್ನು ನಿಲ್ಲಿಸಬೇಡಿ. ಹಳೆಯದು ಟೆಲ್ಮಿಸಾರ್ಟಾನ್ ಆಗಿದ್ದರೆ ಇಷ್ಟು ಕಾಯುವ ಅಗತ್ಯವೇ ಇರಲಿಲ್ಲ, ಅದು ಎಸಿಇಯನ್ನು ಮುಟ್ಟುವುದಿಲ್ಲ.

ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಬರೆದಿದ್ದರೆ ಅದಕ್ಕೂ ಈ ನಿಯಮ ಇಲ್ಲ. ಅದು ನೈಟ್ರಿಕ್ ಆಕ್ಸೈಡ್ ಆಗಿ ಸಿರೆಗಳನ್ನು ಸಡಿಲಿಸುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗಿ ಕೆಲಸ ಹಗುರಾಗುತ್ತದೆ. ಆದರೆ ಹೊಸ ಮಾತ್ರೆಯೂ ಬಿಪಿ ಇಳಿಸುತ್ತದೆ, ಆದ್ದರಿಂದ ಕೂತುಕೊಂಡೇ ಇಟ್ಟುಕೊಳ್ಳಲಿ.

ಹೊಸ ಮಾತ್ರೆ ಶುರುವಾದ ಮೇಲೆ ಮುಖ, ತುಟಿ ಊದಿದರೆ ಅಥವಾ ದನಿ ಬದಲಾದರೆ ಅಲರ್ಜಿ ಮಾತ್ರೆ ಕೊಟ್ಟು ಕಾಯಬೇಡಿ. ಇದು ಹಿಸ್ಟಮಿನ್‌ನಿಂದ ಬರುವ ಊತ ಅಲ್ಲ, ಆ ಮಾತ್ರೆಗೆ ಬಗ್ಗುವುದು ಕಷ್ಟ. ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಮಾತ್ರೆಯ ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.