ಟೊಮೆಟೊ ವಿಡಿಯೋ ನಡುವೆ ಸ್ಪಾನ್ಸರ್ ಮಾತು ಬರೆಯುವುದು

"ನನ್ನ ತಾರಸಿ ತೋಟದ ಯೂಟ್ಯೂಬ್ ಚಾನೆಲ್‌ಗೆ ಮೊದಲ ಸ್ಪಾನ್ಸರ್ ಸಿಕ್ಕಿದೆ. ಟೈಮರ್ ಇರುವ ಡ್ರಿಪ್ ಕಿಟ್. ವಿಡಿಯೋ ನಡುವೆ ಸಹಜವಾಗಿ ಬರಬೇಕು, ದುಡ್ಡು ತಗೊಂಡಿದ್ದೀನಿ ಅಂತಲೂ ಸ್ಪಷ್ಟವಾಗಿ ಗೊತ್ತಾಗಬೇಕು. ಹೇಗೆ ಬರೆಯಲಿ?"

ನಾನು ಕೆಲವು ಕನ್ನಡ ಚಾನೆಲ್‌ಗಳಿಗೆ ಸ್ಕ್ರಿಪ್ಟ್ ಬರೆಯುತ್ತೇನೆ. ಮೊದಮೊದಲು ಸ್ಪಾನ್ಸರ್ ವಿಷಯವನ್ನು ಭಾಗದ ಕೊನೆಯಲ್ಲಿ ಮೆಲ್ಲಗೆ ಹೇಳಿಸುತ್ತಿದ್ದೆ, ಹಾಗಾದರೆ ಸಹಜ ಅನಿಸುತ್ತೆ ಅಂತ. "ಮೊದಲೇ ಹೇಳಬಹುದಿತ್ತಲ್ವಾ?" ಎಂದು ನೋಡುಗರು ಬರೆದರು. ಅವರು ಹೇಳಿದ್ದು ಸರಿಯಾಗಿತ್ತು. ಮುಚ್ಚಿಟ್ಟರೆ ಸಹಜವಾಗುವುದಿಲ್ಲ. ಮಾತು ಎಲ್ಲಿ ಬರುತ್ತದೆ ಅನ್ನುವುದರಿಂದ ಸಹಜವಾಗುತ್ತದೆ.

ನಿಮ್ಮ ಕಿಟ್ಟನ್ನೇ ತೆಗೆದುಕೊಳ್ಳೋಣ. 'ಟೊಮೆಟೊ ಹಣ್ಣು ಯಾಕೆ ಬಿರಿಯುತ್ತದೆ' ಅಂತ 12 ನಿಮಿಷದ ವಿಡಿಯೋ ಮಾಡುತ್ತಿದ್ದೀರಿ ಅಂದುಕೊಳ್ಳಿ. ಹಣ್ಣು ಬಿರಿಯಲು ದೊಡ್ಡ ಕಾರಣ ನೀರಿನ ಏರುಪೇರು. ಎರಡು ದಿನ ಮಣ್ಣು ಒಣಗಿ, ಮೂರನೇ ದಿನ ಒಮ್ಮೆಲೇ ನೀರು ಕುಡಿದರೆ ಒಳಗಿನ ತಿರುಳು ಉಬ್ಬುತ್ತದೆ, ಸಿಪ್ಪೆ ಅಷ್ಟು ಬೇಗ ಹಿಗ್ಗುವುದಿಲ್ಲ. ಇದನ್ನು ನೀವು ವಿವರಿಸಿದ ಮರುಕ್ಷಣ ನೋಡುವವರ ತಲೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಊರಿಗೆ ಹೋದಾಗ ನೀರು ಹಾಕೋರು ಯಾರು? ಸ್ಪಾನ್ಸರ್ ಮಾತಿಗೆ ಜಾಗ ಅಲ್ಲೇ. ಕಾರಣ ಹೇಳುವ ಮೊದಲೇ ಕಿಟ್ ತೋರಿಸಿದರೆ, ಕಿಟ್ ಮಾರುವುದಕ್ಕೇ ವಿಡಿಯೋ ಮಾಡಿದ ಹಾಗೆ ಕಾಣುತ್ತದೆ.

ನಾನಾದರೆ ಹೀಗೆ ಬರೆಯುತ್ತೇನೆ:

"ನಾಲ್ಕು ದಿನ ಊರಿಗೆ ಹೋದ್ರೆ ನೀರು ಹಾಕೋರು ಯಾರು? ಈಗ ಒಂದು ನಿಮಿಷ ತೋರಿಸೋದು ಜಾಹೀರಾತು. ಈ ಕಂಪನಿ ನನಗೆ ದುಡ್ಡು ಕೊಟ್ಟಿದೆ, ಕಿಟ್ಟೂ ಅವರೇ ಕಳಿಸಿದ್ದು. ಮೂರು ವಾರದಿಂದ ಈ ಎಂಟು ಕುಂಡಕ್ಕೆ ಹಾಕಿದ್ದೀನಿ. ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇಟ್ಟಿದ್ದೀನಿ, ಮಣ್ಣು ನೋಡಿ, ಹದವಾಗಿದೆ. ನಮ್ಮದು ಬೋರ್‌ವೆಲ್ ನೀರು, ಉಪ್ಪು ಕಟ್ಟಿ ಎರಡು ಡ್ರಿಪ್ಪರ್ ಕಟ್ಟಿಕೊಂಡಿದ್ವು. ಬಿಚ್ಚಿ ತೊಳೆದ ಮೇಲೆ ಸರಿಹೋಯ್ತು. ಲಿಂಕ್ ಕೆಳಗಿದೆ. ಸರಿ, ಬಿರಿದ ಹಣ್ಣಿಗೆ ವಾಪಸ್ ಬರೋಣ. ಇದನ್ನ ಕಿತ್ತುಬಿಡಬೇಕಾ, ಗಿಡದಲ್ಲೇ ಬಿಡಬೇಕಾ?"

ಇದರಲ್ಲಿರುವ ವಾರ, ಕುಂಡದ ಲೆಕ್ಕ ಎಲ್ಲ ನಿಮ್ಮ ನಿಜವಾದ ಅನುಭವದ್ದೇ ಆಗಿರಬೇಕು. ಕಿಟ್ ನಿನ್ನೆ ಬಂದಿದ್ದರೆ "ನಿನ್ನೆ ಬಂತು, ಜೋಡಿಸೋದನ್ನ ಮಾತ್ರ ತೋರಿಸ್ತೀನಿ" ಅನ್ನಿ. ಡ್ರಿಪ್ಪರ್ ಕಟ್ಟಿಕೊಂಡ ಮಾತು ಬಿಡಬೇಡಿ. ಗಡಸು ನೀರಿರುವ ಮನೆಯವರಿಗೆ ಇಡೀ ಭಾಗದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಕೊನೆಯ ಸಾಲು ಬಿಟ್ಟ ಜಾಗಕ್ಕೇ ಮರಳಬೇಕು, ಹೊಸ ಪ್ರಶ್ನೆಯ ಜೊತೆ. ಕಂಪನಿ ಕಳಿಸುವ ಪಟ್ಟಿಯಲ್ಲಿ ಏಳೆಂಟು ಗುಣಗಳಿರುತ್ತವೆ. ನೀವು ಕೈಯಾರೆ ಬಳಸಿ ನೋಡಿದ ಎರಡು ಸಾಕು. ಮಾತಾಡುವಾಗ ನಿಮ್ಮ ದನಿ ಇದ್ದಕ್ಕಿದ್ದಂತೆ ಬೇರೆಯಾಯಿತಾ ಅಂತ ರೆಕಾರ್ಡ್ ಮಾಡಿ ಕೇಳಿ. "ಅತ್ಯಾಧುನಿಕ ತಂತ್ರಜ್ಞಾನ" ಥರದ ಪದ ಬಂದ ಕಡೆಯೇ ಅದು ಕೆಡುವುದು ಜಾಸ್ತಿ.

ಇನ್ನು ಪರದೆಯ ವಿಷಯ. ಅಪ್‌ಲೋಡ್ ಮಾಡುವಾಗ ಯೂಟ್ಯೂಬಿನ Paid promotion ಬಾಕ್ಸ್ ಟಿಕ್ ಮಾಡಲೇಬೇಕು. ಆದರೆ ಅದರ ಸೂಚನೆ ಕಾಣುವುದು ವಿಡಿಯೋ ಶುರುವಿನ 10 ಸೆಕೆಂಡ್ ಮಾತ್ರ. ನಿಮ್ಮ ಕಿಟ್ ಬರುವುದು ಐದನೇ ನಿಮಿಷದಲ್ಲಿ. ಎಎಸ್‌ಸಿಐ, ಅಂದರೆ ಜಾಹೀರಾತು ಮಾನದಂಡ ಮಂಡಳಿ, 2021ರಲ್ಲಿ ತಂದ ನಿಯಮದ ಪ್ರಕಾರ 2 ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೋದಲ್ಲಿ, ಆ ವಸ್ತುವಿನ ಮಾತು ನಡೆಯುವಷ್ಟೂ ಹೊತ್ತು ಪರದೆಯ ಮೇಲೆ ಸೂಚನೆ ಇರಬೇಕು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲಿ ಇನ್ನೂ ಬಿಡಿಸಿ ಹೇಳಿತು: ಡಿಸ್ಕ್ರಿಪ್ಷನ್‌ನಲ್ಲಿ ಬರೆದರೆ ಸಾಲದು, ವಿಡಿಯೋದೊಳಗೆ ಕಾಣಬೇಕು, ಕಿವಿಗೂ ಕೇಳಬೇಕು, ನೀವು ಮಾತಾಡುವ ಭಾಷೆಯಲ್ಲೇ ಇರಬೇಕು. ಹಾಗಾಗಿ ಮೂಲೆಯಲ್ಲಿ 'ಜಾಹೀರಾತು' ಅಂತ ಕನ್ನಡದಲ್ಲೇ ಹಾಕಿ. ಬಿಳಿ ಗೋಡೆಯ ಮೇಲೆ ಬಿಳಿ ಅಕ್ಷರ ಬೇಡ. ಫೋನಿನಲ್ಲಿ ಒಮ್ಮೆ ತೆರೆದು, ಓದಲು ಆಗುತ್ತಾ ನೋಡಿ.

'ಧನ್ಯವಾದಗಳು' ಅಥವಾ 'ಸಹಯೋಗ' ಅಂದರೆ ಸಾಕು ಅಂತ ಕೆಲವು ಕಂಪನಿಗಳು ಕೇಳುತ್ತವೆ. ಒಪ್ಪಬೇಡಿ. ನಮ್ಮ ಅಮ್ಮನಿಗೆ 'ಸಹಯೋಗ' ಅಂದರೆ ಇಬ್ಬರು ಸೇರಿ ಕೆಲಸ ಮಾಡಿದರು ಅಂತ ಅರ್ಥ, ದುಡ್ಡಿನ ವಿಷಯ ಹೊಳೆಯುವುದೇ ಇಲ್ಲ. ಸ್ಕ್ರಿಪ್ಟನ್ನು ಒಪ್ಪಿಗೆಗೆ ಕಳಿಸಿದಾಗ ಅವರು ಮೊದಲು ಕತ್ತರಿಸಲು ನೋಡುವುದು ಎರಡೇ ಸಾಲು, ದುಡ್ಡು ಕೊಟ್ಟಿದ್ದಾರೆ ಅನ್ನುವುದು ಮತ್ತು ಡ್ರಿಪ್ಪರ್ ಕಟ್ಟಿಕೊಂಡಿತು ಅನ್ನುವುದು. ಆ ಎರಡೂ ಉಳಿಯುತ್ತವೆ ಅಂತ ರೇಟು ಮಾತಾಡುವ ಮೊದಲೇ ಮೇಲ್‌ನಲ್ಲಿ ಬರೆದು ಒಪ್ಪಿಸಿಕೊಳ್ಳಿ.